ರಾತ್ರಿ 11:40ರ ‘ಒಂದು ಚಿಕ್ಕ ಪ್ರಶ್ನೆ’

ಸ್ಟೀಲ್ ತಟ್ಟೆಗೆ ತಾಗಿಸಿ ಫೋನ್ ಇಟ್ಟುಕೊಂಡು ಊಟ ಮಾಡಿ ನೋಡಿ. ಮೆಸೇಜ್ ಬಂದಾಗ ಫೋನ್ ಗುಂಯ್ ಅನ್ನುತ್ತದೆ, ಜೊತೆಗೆ ತಟ್ಟೆಯೂ ಗುಂಯ್ ಅನ್ನುತ್ತದೆ. ಹೋದ ವರ್ಷ ಆಗಸ್ಟ್‌ವರೆಗೆ ನಮ್ಮ ಮನೆಯ ರಾತ್ರಿಯೂಟಕ್ಕೆ ಇದೇ ಹಿನ್ನೆಲೆ ಸಂಗೀತ.

ಆ ತಿಂಗಳು ಅಮ್ಮ ಊರಿಂದ ಬಂದಿದ್ದರು. ಮೊದಲ ರಾತ್ರಿ ಫೋನ್ ಗುಂಯ್ ಅಂದಾಗ ಅವರ ಕೈತುತ್ತು ಅರ್ಧಕ್ಕೇ ನಿಂತಿತು. ‘ಯಾರಿಗೆ ಏನಾಯ್ತೋ, ನೋಡೋ ಮೊದ್ಲು’ ಅಂದರು. ಏನೂ ಇಲ್ಲ ಅಮ್ಮ, ಆಫೀಸಿನದು ಅಂದೆ. ಹತ್ತು ನಿಮಿಷಕ್ಕೆ ಮತ್ತೆ ಗುಂಯ್. ಮತ್ತೆ ಅದೇ ಮುಖ. ನಮ್ಮ ಊರಿನ ಮನೆಯಲ್ಲಿ ಲ್ಯಾಂಡ್‌ಲೈನ್ ಇದ್ದ ಕಾಲದಲ್ಲಿ ಒಂದು ಕಟ್ಟಳೆ ಇತ್ತು. ಯಾರೂ ಬರೆದಿಟ್ಟದ್ದಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ರಾತ್ರಿ ಒಂಬತ್ತರ ಮೇಲೆ ಫೋನ್ ಬಂದರೆ ಒಂದೋ ಸಾವು, ಇಲ್ಲಾ ಹೆರಿಗೆ. ಬೇರೆ ಯಾವುದಕ್ಕೂ ಆ ಹೊತ್ತಲ್ಲಿ ಯಾರೂ ಡಯಲ್ ತಿರುಗಿಸುತ್ತಿರಲಿಲ್ಲ. ಅಮ್ಮನ ಮೈಗೆ ಆ ಕಟ್ಟಳೆ ಇನ್ನೂ ಅಂಟಿಕೊಂಡಿದೆ. ಮೂರನೇ ದಿನ ಅವರು ಕೇಳಿದರು: ‘ದಿನಾ ರಾತ್ರಿ ಇಷ್ಟೊಂದು ಅರ್ಜೆಂಟು ಏನಪ್ಪಾ ಇರುತ್ತೆ?’

ಗಟ್ಟಿಯಾಗಿ ಉತ್ತರ ಹೇಳೋಣ ಅಂದುಕೊಂಡೆ. ನನಗೇ ಗೊತ್ತಿರಲಿಲ್ಲ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ಐಟಿ ಕಂಪನಿಯಲ್ಲಿ ಏಳು ಜನರ ಟೀಮಿಗೆ ನಾನು ಲೀಡ್. ಅಮೆರಿಕದ ಪೂರ್ವ ಕರಾವಳಿಯ ಒಂದು ಇನ್ಶೂರೆನ್ಸ್ ಕಂಪನಿಯ ಪೋರ್ಟಲ್ ನೋಡಿಕೊಳ್ಳುತ್ತೇವೆ. ಅವರ ಏಜೆಂಟರು ಪಾಲಿಸಿ ಮಾಡಿಸುವುದು ಅದರಲ್ಲೇ. ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 9 ಅಂದರೆ ನಮಗೆ ಸಂಜೆ 6:30. ಅವರು ಸಂಜೆ 5ಕ್ಕೆ ಕಂಪ್ಯೂಟರ್ ಮುಚ್ಚುವಾಗ ನಮಗೆ ಬೆಳಗಿನ ಜಾವ 2:30. ಅವರ ಇಡೀ ಕೆಲಸದ ದಿನ ನಮ್ಮ ಸಂಜೆ ಮತ್ತು ರಾತ್ರಿಯ ಮೇಲೆ ಬಂದು ಕೂರುತ್ತದೆ. ರಾತ್ರಿ 11:40ಕ್ಕೆ ಬರುವ ‘ಒಂದು ಚಿಕ್ಕ ಪ್ರಶ್ನೆ’ ಅಲ್ಲಿ ಮಧ್ಯಾಹ್ನ 2:10ರ ಪ್ರಶ್ನೆ. ಊಟ ಮುಗಿಸಿ ಬಂದು, ಕಾಫಿ ಕಪ್ ಪಕ್ಕಕ್ಕಿಟ್ಟು ಯಾರೋ ಟೈಪ್ ಮಾಡಿದ್ದು. ಅದರಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ನಮ್ಮ ಸಿಟ್ಟಿಗೆ ಅಲ್ಲಿ ನೆಲೆಯೇ ಇಲ್ಲ.

ಅಮ್ಮ ಕೇಳಿದ ಮೇಲೆ ಎಣಿಸಿಯೇ ಬಿಡೋಣ ಅನ್ನಿಸಿತು. ಒಂದು ಹಳೆಯ ನೋಟ್‌ಬುಕ್ ತೆಗೆದುಕೊಂಡೆ. ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಬಂದ ಮೆಸೇಜುಗಳು, ಒಂದು ವಿಷಯಕ್ಕೆ ಒಂದೇ ಗೀಟು. ಪಕ್ಕದಲ್ಲಿ ಎರಡು ಮಾತು: ಏನು ಕೇಳಿದರು, ಬೆಳಿಗ್ಗೆ 9ಕ್ಕೆ ಉತ್ತರ ಕೊಟ್ಟಿದ್ದರೆ ಏನಾಗುತ್ತಿತ್ತು. ಎರಡನೆಯ ಮಾತನ್ನು ರಾತ್ರಿ ಬರೆಯುತ್ತಿರಲಿಲ್ಲ. ರಾತ್ರಿ ಎಲ್ಲವೂ ಅರ್ಜೆಂಟಾಗಿಯೇ ಕಾಣುತ್ತದೆ. ಮಾರನೇ ದಿನ ಮಧ್ಯಾಹ್ನ, ತಲೆ ತಣ್ಣಗಿದ್ದಾಗ ತುಂಬುತ್ತಿದ್ದೆ.

ನಾಲ್ಕು ವಾರಕ್ಕೆ 71 ಗೀಟು ಆದವು. ಅದರಲ್ಲಿ 31 ಬರೀ ‘ಏನಾದರೂ ಅಪ್‌ಡೇಟ್ ಇದೆಯಾ?’ ಅನ್ನುವವು. 18 ಪ್ರಶ್ನೆಗಳಿಗೆ ಉತ್ತರ ಆಗಲೇ ಆ ಕೆಲಸದ ದಾಖಲೆ ಇರುವ ಟಿಕೆಟ್‌ನಲ್ಲಿತ್ತು, ಹುಡುಕುವುದಕ್ಕಿಂತ ನನ್ನನ್ನು ಕೇಳುವುದು ಸುಲಭ ಅಷ್ಟೇ. ಒಂಬತ್ತು ನಾಳೆ ಶುರು ಮಾಡಬೇಕಾದ ಹೊಸ ಕೆಲಸ. ಇನ್ನೊಂಬತ್ತು ಥ್ಯಾಂಕ್ಸ್, ಹೆಬ್ಬೆರಳು, ನಗುಮುಖ. ಆ ರಾತ್ರಿಯೇ ಆಗಬೇಕಾಗಿದ್ದದ್ದು ನಾಲ್ಕೇ ನಾಲ್ಕು. ಆ ನಾಲ್ಕರಲ್ಲೂ ಮೂರು ಪೋರ್ಟಲ್ ಬಿದ್ದ ಪ್ರಕರಣಗಳು. ಅವಕ್ಕೆ ಮಾನಿಟರಿಂಗ್ ಟೂಲ್ ತಾನಾಗಿಯೇ ಆ ರಾತ್ರಿ ತುರ್ತು ಕರೆಗೆ ಸಿಗುವ ಪಾಳಿಯಲ್ಲಿದ್ದ ಆನ್‌ಕಾಲ್ ಹುಡುಗನಿಗೆ ಫೋನ್ ಮಾಡಿ ಎಬ್ಬಿಸಿತ್ತು. ನನಗೆ ಬಂದ ಮೆಸೇಜ್ ಬರೀ ಪ್ರತಿಧ್ವನಿ.

ಅಂದರೆ ನಾಲ್ಕು ವಾರ ಫೋನ್ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದರ ಫಲ ಒಂದೇ ಒಂದು ಮೆಸೇಜ್. ಅಲ್ಲಿನ ಸರ್ಕಾರಿ ಕಚೇರಿಗೆ ಅದೇ ದಿನ ಹೋಗಬೇಕಾಗಿದ್ದ ಒಂದು ಫೈಲು ಖಾಲಿ ಬಂದಿತ್ತು. ಅದಕ್ಕೆ ನಾನು ಎದ್ದದ್ದು ಸರಿ. ಮಿಕ್ಕ 70?

ಎಣಿಸುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು, ಅದು ಅಷ್ಟು ಹಿತವಾಗಿರಲಿಲ್ಲ. ನನ್ನ ಉತ್ತರಗಳ ಸಮಯ ನೋಡಿದೆ. ಎರಡು ನಿಮಿಷ, ಒಂದು ನಿಮಿಷ, ನಾಲ್ಕು ನಿಮಿಷ. ಮೂರು ವರ್ಷದಿಂದ ಹೀಗೇ. ತಕ್ಷಣ ಉತ್ತರ ಬರಬೇಕು ಅಂತ ಕ್ಲೈಂಟ್ ಯಾವತ್ತೂ ಕೇಳಿರಲಿಲ್ಲ, ಬರುತ್ತದೆ ಅಂತ ನಾನೇ ಕಲಿಸಿದ್ದೆ. ‘ನೋಡಿದೆ, ಬೆಳಿಗ್ಗೆ ಚೆಕ್ ಮಾಡ್ತೀನಿ’ ಅಂತ 11:50ಕ್ಕೆ ಬರೆದು, ಆಹಾ ಎಷ್ಟು ಚೆನ್ನಾಗಿ ಗಡಿ ಹಾಕಿದೆ ಅಂತ ಬೀಗಿದ್ದ ರಾತ್ರಿಗಳೂ ಇದ್ದವು. ಆದರೆ ಅದೂ ತಕ್ಷಣದ ಉತ್ತರವೇ. ನಾನು ಎದ್ದಿದ್ದೇನೆ, ನೋಡುತ್ತಿದ್ದೇನೆ ಅಂತ ಅವರಿಗೆ ಅದು ಸಾರಿ ಹೇಳುತ್ತದೆ. ನಾಳೆ ಅವರು ಮತ್ತೆ ಬರೆಯುತ್ತಾರೆ.

ಐದಕ್ಕೆ ಒಂದಕ್ಕೆ ಮಾತ್ರ ಉತ್ತರ ಕೊಡುವುದು ಇನ್ನೂ ಕೆಟ್ಟದ್ದು. ಅದನ್ನೂ ಒಂದು ವಾರ ಮಾಡಿ ನೋಡಿದ್ದೆ. ಯಾವುದಕ್ಕೆ ಉತ್ತರ ಬರುತ್ತದೆ ಅಂತ ಗೊತ್ತಾಗದೆ ಅವರು ಒಂದೇ ಪ್ರಶ್ನೆಯನ್ನು ಆಫೀಸಿನ ಚಾಟ್ ಆಪ್ ಆದ ಸ್ಲ್ಯಾಕ್‌ನಲ್ಲಿ ಒಮ್ಮೆ, ಮೇಲ್‌ನಲ್ಲಿ ಒಮ್ಮೆ, ನನ್ನ ಮ್ಯಾನೇಜರ್‌ಗೆ ಒಮ್ಮೆ ಕಳಿಸತೊಡಗಿದರು. ಮ್ಯಾನೇಜರ್ ಅದನ್ನು ವಾಟ್ಸಾಪಿನಲ್ಲಿ ನನಗೇ ದಾಟಿಸುತ್ತಿದ್ದರು. ಒಂದು ಗುಂಯ್ ಇದ್ದಲ್ಲಿ ಮೂರು.

ಹಾಗಾಗಿ ಸುಮ್ನೆ ಉತ್ತರ ಕೊಡದೆ ಇರುವುದರಿಂದ ಶುರು ಮಾಡಲಿಲ್ಲ. ಮೊದಲು ಆ 31ರ ಹಿಂದೆ ಬಿದ್ದೆ. ‘ಅಪ್‌ಡೇಟ್ ಇದೆಯಾ’ ಅಂತ ಯಾಕೆ ಕೇಳುತ್ತಾರೆ? ನಾವು ಹೇಳಿ ಹೋಗಿರುವುದಿಲ್ಲ, ಅದಕ್ಕೆ. ನಾವು ಸಂಜೆ ಏಳೂವರೆ ಎಂಟಕ್ಕೆ ಎದ್ದು ಹೋಗುತ್ತೇವೆ. ಅವರ ದಿನ ಆಗಷ್ಟೇ ಶುರುವಾಗಿರುತ್ತದೆ. ಅವರ ಮೇಲಿನವರು ಅವರನ್ನು ಕೇಳುತ್ತಾರೆ, ಅವರ ಹತ್ತಿರ ಹೇಳಲು ಏನೂ ಇರುವುದಿಲ್ಲ.

ಸೆಪ್ಟೆಂಬರ್ ಮೊದಲ ವಾರದಿಂದ ಹೊರಡುವ ಮುಂಚೆ ಸ್ಲ್ಯಾಕ್‌ನ ಕ್ಲೈಂಟ್ ಚಾನೆಲ್‌ನಲ್ಲಿ ಒಂದು ಟಿಪ್ಪಣಿ ಹಾಕಿ ಹೋಗತೊಡಗಿದೆ. ತೆರೆದಿರುವ ಒಂದೊಂದು ಟಿಕೆಟ್‌ಗೂ ಇಂದು ಏನಾಯಿತು, ಎಲ್ಲಿ ನಿಂತಿದೆ, ಯಾರ ಕೈಯಲ್ಲಿದೆ, ಮುಂದಿನ ಸುದ್ದಿ ಯಾವಾಗ. ಈ ಕೊನೆಯದೇ ಮುಖ್ಯ. ಮೊದಲ ವಾರ ನಾನು ‘ನಾಳೆ ಹೇಳುತ್ತೇವೆ’ ಅಂತ ಬರೆಯುತ್ತಿದ್ದೆ, ಮೆಸೇಜ್ ಕಡಿಮೆಯಾಗಲೇ ಇಲ್ಲ. ಯಾರ ನಾಳೆ? ನಮ್ಮ ನಾಳೆ ಅವರಿಗೆ ಇಂದು ರಾತ್ರಿಯೇ ಶುರುವಾಗುತ್ತದಲ್ಲ. ಆಮೇಲೆ ‘ಮುಂದಿನ ಸುದ್ದಿ ಗುರುವಾರ, ನಿಮ್ಮ ಬೆಳಿಗ್ಗೆ 9ಕ್ಕೆ’ ಅಂತ ಅವರ ಗಡಿಯಾರದಲ್ಲೇ ಬರೆದೆ. ಏನೂ ಆಗದಿದ್ದರೂ ಹೇಳಿದ ಹೊತ್ತಿಗೆ ‘ಇನ್ನೂ ಆಗಿಲ್ಲ, ಕಾರಣ ಇದು’ ಅಂತಾದರೂ ಹಾಕಿದೆ. ಎರಡು ಸಲ ಹೇಳಿದ ಹೊತ್ತಿಗೆ ಹೇಳಿದ್ದು ಬಂದ ಮೇಲೆ ಮೂರನೇ ಸಲ ಅವರು ಕೇಳಲಿಲ್ಲ. ಇದಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ ಬೇಕು. ಮಾಡಲು ಬೇಜಾರಿನ ಕೆಲಸ, ಸುಳ್ಳು ಹೇಳುವುದಿಲ್ಲ.

ಎರಡನೆಯದು, ಅರ್ಜೆಂಟು ಅಂದರೆ ಏನು ಅಂತ ಕೂತು ಬರೆದದ್ದು. ನಮ್ಮ ಒಪ್ಪಂದದಲ್ಲಿ ಪಿ1, ಪಿ2 ಅಂತೆಲ್ಲ ಅರ್ಜೆಂಟಿನ ದರ್ಜೆಗಳಿದ್ದವು, ಪಿ1 ಎಲ್ಲಕ್ಕಿಂತ ಮೇಲಿನದು. ಆದರೆ ಪಿ1ರ ವಿವರಣೆ ‘ವ್ಯವಹಾರಕ್ಕೆ ಗಂಭೀರ ಪರಿಣಾಮ’ ಅನ್ನುವ ಥರ. ಇಂಥ ಮಾತಿನಲ್ಲಿ ಎಲ್ಲವೂ ತೂರುತ್ತದೆ. ಕ್ಲೈಂಟ್ ಕಡೆಯ ಮ್ಯಾನೇಜರ್ ಒಬ್ಬ ಹೆಂಗಸು, ನೇರ ಮಾತಿನವರು. ಅವರ ಜೊತೆ ಒಂದು ಸಂಜೆ ಅರ್ಧ ಗಂಟೆ ಕೂತೆ. ನನ್ನ 71 ಗೀಟಿನ ಲೆಕ್ಕ ತೋರಿಸಿದೆ. ದೂರು ಹೇಳುವ ಧಾಟಿಯಲ್ಲಿ ಅಲ್ಲ. ‘ಇದರಲ್ಲಿ ಯಾವುದಕ್ಕೆ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತೀರಿ, ನೀವೇ ಆರಿಸಿ’ ಅಂದೆ. ಅವರು ಆರಿಸಿದ್ದು ಐದು. ನಾನು ನಾಲ್ಕು ಅಂದಿದ್ದೆ. ಐದನೆಯದರ ಬಗ್ಗೆ ಸ್ವಲ್ಪ ಚೌಕಾಸಿ ಮಾಡಿ ಅವರೇ ಬಿಟ್ಟರು.

ಕೊನೆಗೆ ಮೂರು ಸಾಲು ಉಳಿದವು. ಏಜೆಂಟರಿಗೆ ಪಾಲಿಸಿ ಮಾಡಲು ಆಗುತ್ತಲೇ ಇಲ್ಲ. ಗ್ರಾಹಕರಿಂದ ತಪ್ಪು ಮೊತ್ತ ಕಟ್ ಆಗುತ್ತಿದೆ. ಅದೇ ದಿನ ಸರ್ಕಾರಕ್ಕೆ ಹೋಗಬೇಕಾದ ಫೈಲು ಹೋಗಿಲ್ಲ. ಈ ಮೂರರಲ್ಲಿ ಯಾವುದಾದರೂ ಆದರೆ ಆನ್‌ಕಾಲ್ ನಂಬರಿಗೆ ಫೋನ್ ಮಾಡಬೇಕು, ಹದಿನೈದು ನಿಮಿಷದಲ್ಲಿ ಒಬ್ಬರು ಕೆಲಸಕ್ಕೆ ಕೂತಿರುತ್ತಾರೆ. ಅವರು ಎತ್ತದಿದ್ದರೆ ಕರೆ ನನಗೆ ಬರುತ್ತದೆ. ಬೇರೆ ಏನೇ ಇದ್ದರೂ ಚಾನೆಲ್‌ನಲ್ಲಿ ಬರೆಯಿರಿ, ಯಾವ ಹೊತ್ತಲ್ಲಾದರೂ ಬರೆಯಿರಿ, ನಮ್ಮ ಬೆಳಿಗ್ಗೆ ನೋಡುತ್ತೇವೆ.

ಯಾವ ಹೊತ್ತಲ್ಲಾದರೂ ಬರೆಯಿರಿ ಅಂದದ್ದು ಬೇಕಂತಲೇ. ರಾತ್ರಿ ಬರೆಯಬೇಡಿ ಅಂದರೆ ಅವರ ಮಧ್ಯಾಹ್ನವನ್ನೇ ಕಟ್ಟಿ ಹಾಕಿದಂತೆ. ಅದು ಆಗದ ಮಾತು. ಮೆಸೇಜ್ ಬರಲಿ, ನನ್ನನ್ನು ಮುಟ್ಟದಿದ್ದರೆ ಸಾಕು. ಮೆಸೇಜಿಗೂ ಫೋನಿಗೂ ಇರುವ ವ್ಯತ್ಯಾಸವೇ ಇಲ್ಲಿ ಜರಡಿ. ಟೈಪ್ ಮಾಡಲು ಮನಸ್ಸು ಹಿಂದೆಮುಂದೆ ನೋಡುವುದಿಲ್ಲ. ಮಲಗಿರುವ ಮನುಷ್ಯನಿಗೆ ಫೋನ್ ಹಚ್ಚುವ ಮುಂಚೆ ಯಾರೇ ಆದರೂ ಒಂದು ಗಳಿಗೆ ಯೋಚಿಸುತ್ತಾರೆ. ನಮ್ಮೂರಿನ ಲ್ಯಾಂಡ್‌ಲೈನ್ ಕಟ್ಟಳೆ ನಡೆಯುತ್ತಿದ್ದದ್ದೂ ಅದರಿಂದಲೇ ಅಲ್ವಾ? ಫೋನ್ ಗಂಟೆ ಹೊಡೆದರೆ ಇಡೀ ಮನೆ ಏಳುತ್ತದೆ ಅಂತ ಮಾಡುವವನಿಗೂ ಗೊತ್ತಿತ್ತು.

ಇನ್ನು ಫೋನಿನೊಳಗಿನ ಕೆಲಸ. ಇದರಲ್ಲಿ ಜನ ಜಾಸ್ತಿ ಎಡವುವುದು ಇಡೀ ಫೋನ್ ಸೈಲೆಂಟ್ ಮಾಡಿಬಿಡುವುದರಲ್ಲಿ. ಹಾಗೆ ಮಾಡಿದರೆ ಎರಡನೇ ರಾತ್ರಿಯೇ ಭಯ ಶುರು. ನಿಜವಾಗಿ ಏನಾದರೂ ಆಗಿದ್ದರೆ? ಆ ಭಯಕ್ಕೆ ಗಂಟೆಗೊಮ್ಮೆ ಎದ್ದು ನೋಡುತ್ತೀರಿ. ಮೊದಲಿಗಿಂತ ಕಡೆ. ನಾನು ಆಂಡ್ರಾಯ್ಡ್‌ನ Do Not Disturb ಅನ್ನು ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ತಾನಾಗಿ ಹತ್ತುವಂತೆ ಇಟ್ಟೆ. ನಕ್ಷತ್ರ ಹಾಕಿದ ನಂಬರುಗಳಿಂದ ಫೋನ್ ಬಂದರೆ ಮೊಳಗಬೇಕು: ಅಮ್ಮ, ಹೆಂಡತಿ, ತಂಗಿ, ಆನ್‌ಕಾಲ್ ನಂಬರು, ಮ್ಯಾನೇಜರ್. ಅಲ್ಲೇ Repeat callers ಅಂತ ಒಂದು ಇದೆ. ಒಂದೇ ನಂಬರಿನಿಂದ 15 ನಿಮಿಷದೊಳಗೆ ಎರಡನೇ ಸಲ ಕರೆ ಬಂದರೆ ಅದನ್ನು ಒಳಗೆ ಬಿಡುತ್ತದೆ. ಅದನ್ನೂ ಹಾಕಿದೆ. ಗುರುತಿಲ್ಲದವರಿಗೂ ಅಷ್ಟು ಜರೂರಿದ್ದರೆ ಎರಡು ಸಲ ಮಾಡುತ್ತಾರೆ.

ಎರಡು ತೂತು ಇದರಲ್ಲಿ ಉಳಿಯುತ್ತವೆ. ವಾಟ್ಸಾಪ್ ಕರೆಯನ್ನು ಈ ಲೆಕ್ಕಕ್ಕೆ ನಂಬಬೇಡಿ. ಮಾಮೂಲಿ ಫೋನ್ ಕರೆಯೇ ಮಾಡಿ ಅಂತ ಎಲ್ಲರಿಗೂ ಬಾಯಿಬಿಟ್ಟು ಹೇಳಬೇಕು. ಇನ್ನೊಂದು, ಸ್ಲ್ಯಾಕ್‌ನಲ್ಲಿ ನೀವು ನೋಟಿಫಿಕೇಶನ್ ನಿಲ್ಲಿಸಿದ್ದರೂ ಕಳಿಸುವವರಿಗೆ ‘ಆದರೂ ತಿಳಿಸಲೇ’ ಅನ್ನುವ ಕೊಂಡಿ ಕಾಣುತ್ತದೆ, ಒತ್ತಿದರೆ ಅಲ್ಲಿಂದ ದಾಟಿ ಬರುತ್ತದೆ. ಫೋನಿನದೇ ಬಾಗಿಲು ಹಾಕಿರುವುದರಿಂದ ನನಗೆ ಅದು ತಟ್ಟಲಿಲ್ಲ. ಆದರೆ ಲ್ಯಾಪ್‌ಟಾಪ್ ತೆರೆದಿಟ್ಟು ಮಲಗುವವರಿಗೆ ತಟ್ಟುತ್ತದೆ.

ಕ್ಲೈಂಟ್ ಜೊತೆ ಇಷ್ಟೆಲ್ಲ ಸಲೀಸಾಗಿ ಆಯಿತು. ಕಷ್ಟ ಇದ್ದದ್ದು ನಮ್ಮ ಮ್ಯಾನೇಜರ್ ಜೊತೆ. ಅವರಿಗೆ ಗಡಿಯಾರದ ನೆಪವೂ ಇಲ್ಲ. ನನ್ನ ಮನೆಯಿಂದ ಅವರ ಮನೆ ಆರು ಕಿಲೋಮೀಟರ್.

ಒಳ್ಳೆಯ ಮನುಷ್ಯರು. ನನಗಿಂತ ಎಂಟು ವರ್ಷ ದೊಡ್ಡವರು. ರಾತ್ರಿ ಹನ್ನೊಂದಕ್ಕೆ ‘ಆ ಟಿಕೆಟ್ ಏನಾಯ್ತಪ್ಪ?’ ಅಂತ ವಾಟ್ಸಾಪ್ ಹಾಕುತ್ತಾರೆ, ಐದು ನಿಮಿಷಕ್ಕೆ ಬರೀ ‘??’ ಕಳಿಸುತ್ತಾರೆ. ಆ ಎರಡು ಪ್ರಶ್ನಾರ್ಥಕ ಚಿಹ್ನೆ ಕಂಡರೆ ಈಗಲೂ ನನ್ನ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗುತ್ತದೆ. ಯಾಕೆ ಹಾಗೆ ಮಾಡುತ್ತಾರೆ ಅಂತ ತುಂಬ ದಿನ ಯೋಚಿಸಿದ್ದೆ. ಗೊತ್ತಾದದ್ದು ಕ್ಯಾಂಟೀನಿನಲ್ಲಿ, ಅವರೇ ಹೇಳಿದಾಗ. ಬೆಳಿಗ್ಗೆ 8:30ಕ್ಕೆ ಅವರಿಗೆ ಅವರ ಮೇಲಿನವರ ಜೊತೆ ಕಾಲ್. ಅಲ್ಲಿ ‘ಗೊತ್ತಿಲ್ಲ, ಕೇಳಿ ಹೇಳ್ತೀನಿ’ ಅಂದರೆ ಮಾನ ಹೋದ ಹಾಗೆ. ರಾತ್ರಿ ಹನ್ನೊಂದರ ಮೆಸೇಜ್ ನಿಜವಾಗಿ ಬೆಳಿಗ್ಗೆ ಎಂಟೂವರೆಯ ಹೆದರಿಕೆ.

ನಾನು ಕಾದೆ. ಇಂಥ ಮಾತನ್ನು ಮಾರ್ಚ್‌ನಲ್ಲಿ ಎತ್ತಬಾರದು, ಅಪ್ರೈಸಲ್ ತಲೆಯ ಮೇಲಿರುತ್ತದೆ. ರಿಲೀಸ್ ವಾರದಲ್ಲೂ ಬೇಡ. ಸೆಪ್ಟೆಂಬರ್‌ನಲ್ಲಿ ಒಂದು ಸಣ್ಣ ಕೆಲಸ ಚೆನ್ನಾಗಿ ಮುಗಿದ ಮಾರನೇ ದಿನ ಅವರ ಟೇಬಲ್ಲಿಗೆ ಹೋದೆ.

‘ಸರ್, ಸಂಜೆ ನೋಟ್ ಹಾಕ್ತೀನಲ್ಲ, ಅದರಲ್ಲಿ ನಿಮಗೆ ಬೆಳಿಗ್ಗೆ ಕಾಲಿಗೆ ಬೇಕಾಗಿದ್ದೂ ಸೇರಿಸ್ತೀನಿ. ನಿಮ್ಮನ್ನ ಏನೇನು ಕೇಳ್ತಾರೆ ಹೇಳಿ.’

ಅವರು ಮೂರು ವಿಷಯ ಹೇಳಿದರು. ಬರೆದುಕೊಂಡೆ.

‘ರಾತ್ರಿ ಏನಾದ್ರೂ ಬಂದ್ರೆ ಮೊದ್ಲು ಆ ನೋಟ್ ನೋಡಿ ಸರ್. ಅದರಲ್ಲಿ ಇಲ್ಲ, ಬೆಳಿಗ್ಗೆ ತನಕ ಕಾಯಕ್ಕಾಗಲ್ಲ ಅಂದ್ರೆ ಫೋನ್ ಮಾಡಿ. ವಾಟ್ಸಾಪ್ ಮಾತ್ರ ಒಂಬತ್ತರ ಮೇಲೆ ನಾನು ನೋಡಲ್ಲ.’

‘ಫೋನ್ ಎತ್ತದೇ ಇದ್ರೆ?’

‘ಎತ್ತುತ್ತೀನಿ. ನಿಮ್ಮ ನಂಬರ್ ಸೈಲೆಂಟಲ್ಲಿದ್ರೂ ಹೊಡೆಯುತ್ತೆ.’ ಅಲ್ಲೇ ಅವರ ಫೋನಿನಿಂದ ಕರೆ ಮಾಡಿಸಿ ತೋರಿಸಿದೆ. ಈ ತೋರಿಸುವುದು ಅಂದುಕೊಂಡದ್ದಕ್ಕಿಂತ ಜಾಸ್ತಿ ಕೆಲಸ ಮಾಡಿತು. ಬಾಯಿಮಾತಿಗೆ ‘ನೋಡೋಣ’ ಅನ್ನುತ್ತಿದ್ದ ಮನುಷ್ಯ ಫೋನ್ ಮೊಳಗಿದ್ದು ಕೇಳಿ, ‘ಸರಿ, ಎರಡು ವಾರ ನೋಡೋಣ’ ಅಂದರು. ಎರಡು ವಾರ ಅನ್ನುವುದು ಸೇರಿತಲ್ಲ, ಅಷ್ಟು ಸಾಕು.

ನಾಲ್ಕನೇ ರಾತ್ರಿ 11:10ಕ್ಕೆ ಪರೀಕ್ಷೆ ಬಂತು. ನೀರು ಕುಡಿಯಲು ಎದ್ದಿದ್ದೆ, ಹಾಳು ಚಟ, ಫೋನ್ ಎತ್ತಿ ನೋಡಿದೆ. ‘ಆ ಫೈಲ್ ಹೋಯ್ತಾ?’ ಹೋಗಿತ್ತು. ಹೌದು ಅಂತ ಒಂದೇ ಪದ ಬರೆದರೆ ಮುಗಿಯಿತು. ಅವರೂ ಮಲಗುತ್ತಾರೆ, ನಾನೂ ಮಲಗುತ್ತೇನೆ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ, ಕಾಲು ತಣ್ಣಗಾಗಿತ್ತು. ಉತ್ತರ ಸಂಜೆಯ ನೋಟಿನ ಎರಡನೇ ಸಾಲಿನಲ್ಲೇ ಇತ್ತು. ಫೋನ್ ಕವುಚಿ ಇಟ್ಟು ಬಂದೆ. ನಿದ್ದೆ ಬಂದದ್ದು ಒಂದೂವರೆಗೆ. ಅಂದರೆ ಆ ರಾತ್ರಿ ಉತ್ತರ ಕೊಡದೇ ಹಾಳುಮಾಡಿಕೊಂಡೆ.

ಬೆಳಿಗ್ಗೆ ಅವರು ಕೇಳಿದ್ದು: ‘ರಾತ್ರಿನೇ ನೋಡಿದ್ಯಲ್ಲಪ್ಪ, ಒಂದ್ ಯೆಸ್ ಅನ್ನಕ್ಕೇನು?’ ನೀಲಿ ಟಿಕ್ ನನ್ನನ್ನು ಹಿಡಿದುಕೊಟ್ಟಿತ್ತು. ಅವತ್ತೇ ಆ ಟಿಕ್ ಆಫ್ ಮಾಡಿದೆ. ಗ್ರೂಪುಗಳಲ್ಲಿ ಅದು ಆಫ್ ಆಗುವುದಿಲ್ಲ, ಯಾರು ಓದಿದರು ಅಂತ ಕಾಣುತ್ತಲೇ ಇರುತ್ತದೆ. ಹಾಗಾಗಿ ಕೊನೆಗೆ ಮಾಡಿದ್ದು ಸೆಟ್ಟಿಂಗ್ ಅಲ್ಲ, ಫೋನನ್ನು ಹಾಲಿನಲ್ಲಿ ದೇವರ ಗೂಡಿನ ಪಕ್ಕ ಚಾರ್ಜಿಗೆ ಹಾಕಿ ಮಲಗುವುದು. ಅಲ್ಲಿಂದ ಗಂಟೆ ಕೇಳುತ್ತದೆ, ಬೆಳಕು ಕಾಣುವುದಿಲ್ಲ. ಅಲಾರಂಗೆ ನೂರೈವತ್ತು ರೂಪಾಯಿಯ ಟೇಬಲ್ ಗಡಿಯಾರ ತಂದೆ. ಟಿಕ್ ಟಿಕ್ ಅಂತ ಶಬ್ದ ಮಾಡುತ್ತದೆ ಅಂತ ಹೆಂಡತಿ ಈಗಲೂ ಗೊಣಗುತ್ತಾಳೆ.

ಎರಡು ವಾರ ಮುಗಿದಾಗ ಮ್ಯಾನೇಜರ್ ಏನೂ ಹೇಳಲಿಲ್ಲ. ನಾನೂ ನೆನಪು ಮಾಡಲಿಲ್ಲ. ಅಲ್ಲಿಗೆ ಅದೇ ರೂಢಿಯಾಯಿತು.

ಇಲ್ಲಿ ಒಂದು ತಪ್ಪು ಒಪ್ಪಿಕೊಳ್ಳಬೇಕು. ಇಷ್ಟೆಲ್ಲ ಮಾಡುತ್ತಿದ್ದ ಹೊತ್ತಲ್ಲೇ ನಾನು ನಮ್ಮ ಟೀಮಿನ ಹುಡುಗಿಯೊಬ್ಬಳಿಗೆ ಅದನ್ನೇ ಮಾಡುತ್ತಿದ್ದೆ. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು ಅವಳಿಗೆ. ಮಲಗುವ ಮುಂಚೆ ನನಗೆ ನಾಳೆಯ ಕೆಲಸ ನೆನಪಾಗುತ್ತದೆ. ಮರೆತುಹೋಗದಿರಲಿ ಅಂತ ಇನ್ನೊಂದು ಚಾಟ್ ಆಪ್ ಆದ ಟೀಮ್ಸ್‌ನಲ್ಲಿ ಅವಳಿಗೆ ಬರೆದು ಹಗುರಾಗುತ್ತಿದ್ದೆ. ‘ಅರ್ಜೆಂಟಿಲ್ಲ, ನಾಳೆ ನೋಡು’ ಅಂತಲೂ ಸೇರಿಸುತ್ತಿದ್ದೆ, ದೊಡ್ಡ ಮನುಷ್ಯನ ಹಾಗೆ. ಒಂದು ದಿನ ಬೆಳಿಗ್ಗೆ ನೋಡಿದರೆ ಅವಳು ಕೆಲಸ ಮುಗಿಸಿ ಕಳಿಸಿದ್ದು ರಾತ್ರಿ 1:05ಕ್ಕೆ. ಕರೆದು ಕೇಳಿದೆ. ‘ನೀವು ಎದ್ದಿದ್ರಲ್ಲ ಸರ್, ಅದಕ್ಕೆ’ ಅಂದಳು.

ಈಗ ನಾನು ರಾತ್ರಿ ಬರೆಯುವುದೆಲ್ಲ ಬೆಳಿಗ್ಗೆ 9:30ಕ್ಕೆ ಹೋಗುವಂತೆ ಹೊತ್ತು ಹಾಕಿಯೇ ಕಳಿಸುವುದು. ಟೀಮ್ಸ್, ಸ್ಲ್ಯಾಕ್, ಔಟ್‌ಲುಕ್ ಮೂರರಲ್ಲೂ ಆ ಸೌಲಭ್ಯ ಇದೆ. ಬರೆದು ಹಗುರಾಗುವ ಸುಖ ನನಗೆ ಸಿಗುತ್ತದೆ, ಭಾರ ಅವಳ ಮೇಲೆ ಬೀಳುವುದಿಲ್ಲ. ನನ್ನ ಹದಿನಾಲ್ಕು ವರ್ಷದ ಅನುಭವ, ಕ್ಲೈಂಟ್ ಜೊತೆಗಿನ ಮೂರು ವರ್ಷದ ಸಲುಗೆ ಇಟ್ಟುಕೊಂಡು ನಾನು ‘ಒಂಬತ್ತರ ಮೇಲೆ ನೋಡಲ್ಲ’ ಅನ್ನಬಹುದು. ಎಂಟು ತಿಂಗಳಿನವಳು ಹಾಗೆ ಅಂದರೆ ‘ಕೆಲಸದಲ್ಲಿ ಆಸಕ್ತಿ ಇಲ್ಲ’ ಅಂತ ಬರೆಯುತ್ತಾರೆ. ಅವಳ ಗಡಿಯನ್ನು ಅವಳ ಮೇಲಿರುವವರೇ ಹಾಕಿಕೊಡಬೇಕು.

ಕಾನೂನು ಏನು ಹೇಳುತ್ತದೆ ಅಂತ ಕೇಳುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ಫ್ರಾನ್ಸಿನಲ್ಲಿ 2017ರಿಂದ 50 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಈ ವಿಷಯವನ್ನು ನೌಕರರ ಜೊತೆ ಮಾತಾಡಿ ತೀರ್ಮಾನಿಸಬೇಕು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ, ಸಣ್ಣ ಕಂಪನಿಗಳಿಗೆ ಒಂದು ವರ್ಷದ ನಂತರ, ಕೆಲಸದ ಹೊತ್ತು ಮೀರಿ ಬಂದ ಮೆಸೇಜ್ ನೋಡದೇ ಇರುವ ಹಕ್ಕಿದೆ. ಆದರೆ ಆ ನಿರಾಕರಣೆ ಸಮಂಜಸವಾಗಿರಬೇಕು. ಯಾಕೆ ಕರೆದರು, ಆ ಹೊತ್ತಿಗೆ ಸಿಗಲೆಂದು ಹಣ ಕೊಡುತ್ತಾರಾ, ನಿಮ್ಮ ಹುದ್ದೆ ಎಂಥದ್ದು, ಮನೆಯ ಪರಿಸ್ಥಿತಿ ಏನು ಅಂತೆಲ್ಲ ನೋಡುತ್ತಾರೆ. ನನಗೆ ಈ ಪ್ರಶ್ನೆಗಳು ಇಷ್ಟವಾದವು. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ ಇಂಥದ್ದೊಂದು ಖಾಸಗಿ ಮಸೂದೆಯನ್ನು 2018ರ ಕೊನೆಯಲ್ಲಿ ಲೋಕಸಭೆಯಲ್ಲಿ ಮಂಡಿಸಿದರು, 2025ರ ಡಿಸೆಂಬರ್‌ನಲ್ಲಿ ಮತ್ತೆ ಮಂಡಿಸಿದರು. 1970ರ ನಂತರ ಖಾಸಗಿ ಸದಸ್ಯರ ಒಂದು ಮಸೂದೆಯೂ ಸಂಸತ್ತಿನಲ್ಲಿ ಪಾಸಾಗಿಲ್ಲ. ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ.

ಹಾಗಾಗಿ ನಮ್ಮ ಟೀಮಿನಲ್ಲಿ ಆಸ್ಟ್ರೇಲಿಯಾದವರ ಒಂದು ಪ್ರಶ್ನೆಯನ್ನು ಮಾತ್ರ ಎತ್ತಿಕೊಂಡೆವು: ಆ ಹೊತ್ತಿಗೆ ಹಣ ಕೊಡುತ್ತಾರಾ? ಆನ್‌ಕಾಲ್ ಪಾಳಿ ವಾರಕ್ಕೊಬ್ಬರು, ಸೋಮವಾರ ಬದಲಾಗುತ್ತದೆ. ಪಾಳಿಯಲ್ಲಿರುವವರಿಗೆ ಭತ್ಯೆ. ರಾತ್ರಿ ಎದ್ದು ಎರಡು ಗಂಟೆಗಿಂತ ಜಾಸ್ತಿ ಕೂತರೆ ಮಾರನೇ ದಿನ ಮಧ್ಯಾಹ್ನ ಬಂದರೆ ಸಾಕು. ಭತ್ಯೆ ದೊಡ್ಡದೇನಲ್ಲ. ಆದರೆ ಎಬ್ಬಿಸುವುದಕ್ಕೆ ಬೆಲೆ ಇದೆ ಅಂತಾದ ಮೇಲೆ ಅದು ಮ್ಯಾನೇಜರ್‌ಗಳ ಲೆಕ್ಕದ ಹಾಳೆಯಲ್ಲಿ ಒಂದು ಸಾಲಾಗುತ್ತದೆ. ಸಾಲಾದದ್ದನ್ನು ಅವರು ಕಡಿಮೆ ಮಾಡಲು ನೋಡುತ್ತಾರೆ.

ಐಟಿ ಬಿಟ್ಟು ಹೊರಗಿನವರಿಗೆ ಇದೆಲ್ಲ ಅನ್ವಯ ಆಗುವುದಿಲ್ಲ ಅಂತ ದಾವಣಗೆರೆಯಲ್ಲಿ ಟ್ಯಾಕ್ಸ್ ಕೆಲಸ ಮಾಡುವ ಗೆಳೆಯ ವಾದ ಮಾಡಿದ. ಅವನಿಗೆ ಮ್ಯಾನೇಜರ್ ಇಲ್ಲ, ಇನ್ನೂರು ಕ್ಲೈಂಟುಗಳು. ಎಲ್ಲರ ಹತ್ತಿರವೂ ಅವನ ಸ್ವಂತ ನಂಬರು. ಅವನು ಮಾಡಿದ್ದು ಇಷ್ಟು. ಎರಡನೇ ಸಿಮ್ಮಿಗೆ ವಾಟ್ಸಾಪ್ ಬಿಸಿನೆಸ್ ಹಾಕಿ, ರಾತ್ರಿ 8ರಿಂದ ಬೆಳಿಗ್ಗೆ 10ರವರೆಗೆ ಒಂದು ತಾನಾಗಿ ಹೋಗುವ ಉತ್ತರ ಇಟ್ಟ. ಮೊದಲು ‘ಧನ್ಯವಾದ, ಶೀಘ್ರದಲ್ಲೇ ಸಂಪರ್ಕಿಸುತ್ತೇವೆ’ ಅಂತಿತ್ತು. ಜನ ಅದನ್ನು ಓದಿ ಇನ್ನೂ ಬರೆಯುತ್ತಿದ್ದರು, ಶೀಘ್ರ ಅಂದರೆ ಈಗಲೇ ಅಂತ. ಆಮೇಲೆ ‘ನಾಳೆ 10ರಿಂದ 12ರೊಳಗೆ ನಾನೇ ಫೋನ್ ಮಾಡುತ್ತೇನೆ. ಪ್ಯಾನ್ ನಂಬರ್ ಮತ್ತು ನೋಟಿಸಿನ ಫೋಟೋ ಕಳಿಸಿಡಿ’ ಅಂತ ಬದಲಾಯಿಸಿದ. ಕಳಿಸಲು ಒಂದು ಕೆಲಸ ಸಿಕ್ಕಿದ್ದರಿಂದ ಜನ ಸುಮ್ಮನಾದರು. ರಿಟರ್ನ್ ಸಲ್ಲಿಸುವ ಕೊನೆಯ ಹತ್ತು ದಿನ ಮಾತ್ರ ಆ ಉತ್ತರ ತೆಗೆದುಬಿಡುತ್ತಾನೆ. ಅಂಗಡಿ ರಾತ್ರಿ ಹನ್ನೆರಡರವರೆಗೂ ತೆರೆದಿರುತ್ತದೆ. ವರ್ಷವಿಡೀ ಒಂದೇ ಗಡಿ ಇರಬೇಕು ಅಂತೇನಿಲ್ಲ ಅನ್ನುವುದನ್ನು ನಾನು ಅವನಿಂದ ಕಲಿತೆ.

ನಮ್ಮ ಗಡಿ ಒಮ್ಮೆ ಪೂರ್ತಿ ಕುಸಿದೂ ಬಿತ್ತು. ಅಕ್ಟೋಬರ್ ಪೂರ್ತಿ ಚೆನ್ನಾಗಿತ್ತು. ನವೆಂಬರ್ 3, ಸೋಮವಾರ, ರಾತ್ರಿ ಒಂಬತ್ತರ ಮೇಲೆ ಹನ್ನೆರಡು ಮೆಸೇಜ್. ಮಂಗಳವಾರ ಹದಿನಾಲ್ಕು. ಆನ್‌ಕಾಲ್ ಹುಡುಗನಿಗೆ ಅರ್ಜೆಂಟಲ್ಲದ್ದಕ್ಕೂ ಫೋನ್ ಹೋಯಿತು. ಅವರು ಒಪ್ಪಂದ ಮುರಿದರು ಅಂತ ನನಗೆ ಸಿಟ್ಟು. ಸ್ವಲ್ಪ ಖಾರವಾಗಿಯೇ ಒಂದು ಮೇಲ್ ಬರೆದೆ, ಪುಣ್ಯಕ್ಕೆ ಕಳಿಸಲಿಲ್ಲ. ಬುಧವಾರ ಕ್ಲೈಂಟ್ ಮ್ಯಾನೇಜರ್ ಅವರೇ ಕೇಳಿದರು: ‘ನಿಮ್ಮ ಟೀಮು ಈ ವಾರ ಒಂದು ಗಂಟೆ ಮುಂಚೆ ಹೋಗ್ತಾ ಇದೆ, ಯಾಕೆ?’

ನಾವು ಮುಂಚೆ ಹೋಗುತ್ತಿರಲಿಲ್ಲ. ಹಿಂದಿನ ಭಾನುವಾರ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಟ್ಟಿದ್ದರು. ಒಂಬತ್ತೂವರೆ ಗಂಟೆಯ ಅಂತರ ಹತ್ತೂವರೆ ಆಗಿತ್ತು. ಅವರ ಬೆಳಿಗ್ಗೆ 9 ಈಗ ನಮ್ಮ ಸಂಜೆ 7:30. ನಾವು 7:45ಕ್ಕೆ ನೋಟ್ ಹಾಕಿ ಹೊರಟರೆ ಅವರಿಗೆ ನಮ್ಮ ಜೊತೆ ಸಿಗುವುದು ಹದಿನೈದೇ ನಿಮಿಷ. ಮೊದಲು ಒಂದೂಕಾಲು ಗಂಟೆ ಸಿಗುತ್ತಿತ್ತು. ಆ ಒಂದು ಗಂಟೆಯಲ್ಲಿ ಬಾಯಲ್ಲೇ ತೀರುತ್ತಿದ್ದ ಪ್ರಶ್ನೆಗಳೆಲ್ಲ ರಾತ್ರಿಗೆ ಹರಿದು ಬಂದಿದ್ದವು. ಅಷ್ಟೇ ಅಲ್ಲ, ‘ನಿಮ್ಮ ಬೆಳಿಗ್ಗೆ 9ಕ್ಕೆ’ ಅಂತ ಬರೆದ ಸುದ್ದಿಯನ್ನು ನಾವು ಹಳೇ ಲೆಕ್ಕದಲ್ಲಿ 6:30ಕ್ಕೇ ಹಾಕಿದ್ದೆವು, ಅವರು ಆಗ ಇನ್ನೂ ಹಾಸಿಗೆಯಿಂದ ಎದ್ದು ಕಾರು ಹತ್ತುತ್ತಿದ್ದರು.

ಆ ವಾರದಿಂದ ಚಳಿಗಾಲಕ್ಕೆ ಇಬ್ಬರನ್ನು ಮಾತ್ರ ಪಾಳಿಯ ಮೇಲೆ ತಡವಾಗಿ ಬರಿಸಿದೆವು, ಬೆಳಿಗ್ಗೆ ಹನ್ನೊಂದಕ್ಕೆ ಬಂದು ರಾತ್ರಿ 8:45ರವರೆಗೆ. ಉಳಿದ ಐವರು ಮಾಮೂಲಿ ಹೊತ್ತಿಗೆ ಮನೆಗೆ. ಮಾರ್ಚ್ 8ಕ್ಕೆ ಅಲ್ಲಿ ಗಡಿಯಾರ ಮತ್ತೆ ಮುಂದಕ್ಕೆ ಹೋಯಿತು, ನಾವೂ ಹಳೇ ಹೊತ್ತಿಗೆ ಮರಳಿದೆವು. ಏಪ್ರಿಲ್‌ನಲ್ಲಿ ಮತ್ತೆ ನಾಲ್ಕು ವಾರ ಎಣಿಸಿದೆ. 71 ಇದ್ದದ್ದು 19 ಆಗಿತ್ತು. ಯಾವುದಕ್ಕೂ ನಾನು ರಾತ್ರಿ ಉತ್ತರ ಕೊಟ್ಟಿರಲಿಲ್ಲ. ಫೋನ್ ಹೊಡೆದದ್ದು ಎರಡು ಸಲ. ಎರಡೂ ನಿಜವಾದದ್ದೇ. ಎರಡನೆಯದು ರಾತ್ರಿ 1:20ಕ್ಕೆ, ಅಮ್ಮ ಮತ್ತೆ ಬಂದಿದ್ದಾಗ. ನಾನು ಹಾಲಿಗೆ ಬರುವಷ್ಟರಲ್ಲಿ ಅವರು ಎದ್ದು ಲೈಟ್ ಹಾಕಿ ಕೂತಿದ್ದರು. ‘ಯಾರಿಗೆ ಏನಾಯ್ತೋ?’ ಪೋರ್ಟಲ್ ಬಿದ್ದಿದೆ ಅಮ್ಮ ಅಂದೆ. ‘ಎದ್ದು ನಿಲ್ಲಿಸು ಹೋಗು’ ಅಂದು ಮಲಗಿದರು.

ಈ ವರ್ಷ ಅಮೆರಿಕದವರು ಗಡಿಯಾರ ತಿರುಗಿಸುವುದು ನವೆಂಬರ್ 1ರಂದು. ಭಾನುವಾರ, ರಾಜ್ಯೋತ್ಸವ ಬೇರೆ. ಬಾವುಟದ ಗಲಾಟೆಯಲ್ಲಿ ಖಂಡಿತ ಮರೆಯುತ್ತೇನೆ ಅಂತ ಗೊತ್ತು. ಅಕ್ಟೋಬರ್ 26ಕ್ಕೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ತಡ ಪಾಳಿಗೆ ಇಬ್ಬರ ಹೆಸರನ್ನೂ ಬರೆದಿಟ್ಟಿದ್ದೇನೆ. ಮೊದಲನೆಯದು ನನ್ನದೇ.